‘ಯಾವ ಕೆಲಸಾ ಇದ್ರೂ ಮಾಡ್ತೀನ್ರಿ’ ಅನ್ನೋದು ಮೊದಲು ಬಿಡ್ರಿ

1/7
ಬಿಕಾಂ ಫೈನಲ್ ಇಯರ್ ದೋಸ್ತರಿಗೆ ಇದು. ಪೋರ್ಟಲ್‌ನಾಗ ರೆಸ್ಯೂಮೆ ಹಾಕಿದ ಮ್ಯಾಲ ರಿಕ್ರೂಟರ್ ಮೆಸೇಜು ಬರ್ತಾವ. ‘ನಿಮ್ಮ ಪ್ರೊಫೈಲ್ ಸೆಲೆಕ್ಟ್ ಆಗೈತಿ’ ಅಂತಿರ್ತದ. ಜೆಡಿ ತೆಗೆದು ನೋಡಿದ್ರ ಕೆಲಸಕ್ಕೂ ನಮ್ಮ ರೆಸ್ಯೂಮೆಗೂ ಸಂಬಂಧಾನೇ ಇರೂದಿಲ್ಲ. ಆಗ ನಮ್ಮವರು ಮಾಡೋದು ಎರಡೇ. ಒಬ್ಬ ಸುಮ್ನ ಬ್ಲಾಕ್ ಮಾಡ್ತಾನ. ಇನ್ನೊಬ್ಬ ‘ಯಾವ ಕೆಲಸಾ ಇದ್ರೂ ಮಾಡ್ತೀನ್ರಿ ಸರ್’ ಅಂತ ಕಳಸ್ತಾನ. ಎರಡೂ ತಪ್ಪು ಅನ್ನೋದು ನನ್ನ ವಾದ. ಮೂರನೇ ದಾರಿ ಐತಿ: ಈ ಕೆಲಸ ನನ್ನ ರೆಸ್ಯೂಮೆಗೆ ಹೊಂದೂದಿಲ್ಲ, ಇಂಥಾದ್ದು ಇದ್ರ ಹೇಳ್ರಿ ಅಂತ ನೇರವಾಗಿ ಕೇಳೋದು.

2/7
ಮೊದಲು ಈ ತಪ್ಪು ಜೋಡಿ ಯಾಕ ಆಗ್ತದ ಅಂತ ತಿಳ್ಕೋರಿ. ರಿಕ್ರೂಟರ್ ನಿಮ್ಮ ರೆಸ್ಯೂಮೆ ಓದಿ ಮೆಸೇಜ್ ಮಾಡಿರ್ತಾನ ಅಂತ ತಿಳಿಬ್ಯಾಡ್ರಿ. ಡೇಟಾಬೇಸ್‌ನಾಗ ಪದಾ ಹಾಕಿ ಹುಡುಕ್ತಾನ, ಬಂದ ಹೆಸರಿಗೆಲ್ಲ ಒಂದೇ ಮೆಸೇಜ್ ಬಿಡ್ತಾನ.

ಒಂದು ಉದಾಹರಣೆ ಹಿಡಿಯೋಣ. ಬನಹಟ್ಟಿಯ ಒಬ್ಬ ಹುಡುಗಿ ಸಂಜಿ ಹೊತ್ತು ನೂಲಿನ ವ್ಯಾಪಾರಿ ಅಂಗಡ್ಯಾಗ ಲೆಕ್ಕ ಬರೀತಾಳ. ಟ್ಯಾಲಿಯೊಳಗ ಮಾರಾಟದ ಎಂಟ್ರಿ, ಮಗ್ಗದವರಿಂದ ಬರಬೇಕಾದ ಬಾಕಿ ಪಟ್ಟಿ, ಬ್ಯಾಂಕ್ ಪಾಸ್‌ಬುಕ್ ತಾಳೆ, ತಿಂಗಳ 11ನೇ ತಾರೀಖಿನೊಳಗ ಜಿಎಸ್‌ಟಿಆರ್-1ಕ್ಕ ಬೇಕಾದ ಲೆಕ್ಕ. ರೆಸ್ಯೂಮೆದಾಗ ‘ಸೇಲ್ಸ್ ಆ್ಯಂಡ್ ಕಲೆಕ್ಷನ್ ಎಂಟ್ರಿ’ ಅಂತ ಬರದಾಳ. ಹುಡುಕಾಟಕ್ಕ ‘ಸೇಲ್ಸ್’ ಸಿಕ್ತು, ‘ಕಲೆಕ್ಷನ್’ ಸಿಕ್ತು, ‘ಎಂಟ್ರಿ’ಯ ಅರ್ಥ ಅದಕ್ಕ ಬೇಕಿಲ್ಲ. ಆಕಿಗೆ ಬಂದದ್ದು ಸಾಲದ ಕಂತು ವಸೂಲಿ ಮಾಡೋ ಫೀಲ್ಡ್ ಆಫೀಸರ್ ಕೆಲಸ.

ಅಂದ್ರ ಇಲ್ಲಿ ಆಕಿ ಲಾಯಕ್ಕು ಹೌದೋ ಅಲ್ಲೋ ಅನ್ನೋ ಪ್ರಶ್ನಾನೇ ಬಂದಿಲ್ಲ. ಪದಾ ಮಾತ್ರ ಹೊಂದ್ಯಾವ.

3/7
ಹಂಗಂತ ಚೂರು ವ್ಯತ್ಯಾಸ ಕಂಡಕೂಡ್ಲೆ ‘ಹೊಂದೂದಿಲ್ಲ’ ಅನಬ್ಯಾಡ್ರಿ. ಜೆಡಿಯೊಳಗ ಹುದ್ದೆ ಹೆಸರು ಬಿಡ್ರಿ, ಅದರ ಮ್ಯಾಲ ಏನೂ ಗೊತ್ತಾಗೂದಿಲ್ಲ. ‘ರಿಲೇಷನ್‌ಶಿಪ್ ಎಕ್ಸಿಕ್ಯೂಟಿವ್’ ಅಂದ್ರ ಕುರ್ಚಿನೂ ಆಗಬಹುದು, ಬೈಕೂ ಆಗಬಹುದು. ಎರಡು ನೋಡ್ರಿ: ದಿನಾ ಮಾಡೋ ಕೆಲಸ ಏನು, ಕಡ್ಡಾಯ ಷರತ್ತು ಏನು.

ದಿನದ ಕೆಲಸ ಲೆಕ್ಕದ್ದೇ ಇದ್ದು, ಒಂದು ಸಾಫ್ಟ್‌ವೇರ್ ಅಷ್ಟೇ ಗೊತ್ತಿಲ್ಲ ಅಂದ್ರ ಅದು ಹೊಂದದ ಕೆಲಸ ಅಲ್ಲ, ಕಲಿಯೋ ಮಾತು. ಅರ್ಜಿ ಹಾಕ್ರಿ. ಆದ್ರ ನಮ್ಮ ಉದಾಹರಣೆಯ ಜೆಡಿ ನೋಡ್ರಿ: ಊರೂರು ತಿರಗೋದು, ತಿಂಗಳ ಟಾರ್ಗೆಟ್, ಸ್ವಂತ ಬೈಕು, ಡ್ರೈವಿಂಗ್ ಲೈಸೆನ್ಸ್ ಕಡ್ಡಾಯ. ಆಕಿ ರೆಸ್ಯೂಮೆದಾಗ ಇವು ಒಂದೂ ಇಲ್ಲ. ಇದು ನಿಜವಾಗಿ ಹೊಂದದ್ದು.

4/7
‘ಸಿಕ್ಕದ್ದು ಹಿಡಕೋ, ಆಮೇಲೆ ನೋಡಿದ್ರಾತು’ ಅನ್ನೋ ಹಿರಿಯರಿಗೆ ಒಂದು ಮಾತು. ಕನ್ಸಲ್ಟೆನ್ಸಿಯವರಿಗೆ ದುಡ್ಡು ಕೊಡೋದು ಕಂಪನಿ, ಅದೂ ನೀವು ಸೇರಿದ ಮ್ಯಾಲ. ನೀವು ಬೇಗ ಬಿಟ್ರ ಬದಲಿ ಹುಡುಗನ್ನ ಪುಕ್ಕಟೆ ಹುಡುಕಿ ಕೊಡಬೇಕು ಅಂತ ಭಾಳ ಕಡೆ ಕರಾರು ಇರ್ತದ. ಹೊಂದದ ಕೆಲಸಕ್ಕ ಹೂಂ ಅಂದು 20 ದಿನಕ್ಕ ಬಿಟ್ಟು ಬಂದ್ರ ನಿಮ್ಗೂ ನಷ್ಟ, ಅವನಿಗೂ ನಷ್ಟ, ನಿಮ್ಮ ಹೆಸರ ಮುಂದ ಒಂದು ಗುರ್ತೂ ಬೀಳ್ತದ. ಮೊದಲೇ ‘ಇದಲ್ಲ, ಅದು’ ಅಂದ್ರ ಅವನ ಕೆಲಸ ಹಗುರ ಆಗ್ತದ. ಹಂಗಾಗಿ ಇದು ಸೊಕ್ಕಿನ ಮಾತಲ್ಲ.

ಮನ್ಯಾಗ ಅಡಚಣಿ ಐತಿ, ರೊಕ್ಕ ನಾಳೆಗೇ ಬೇಕು ಅಂದ್ರ ಫೀಲ್ಡ್ ಕೆಲಸ ತಗೋರಿ, ಅದರಾಗ ಸಣ್ಣತನ ಏನೂ ಇಲ್ಲ. ಆದ್ರ ಅದು ಫೀಲ್ಡ್ ಕೆಲಸ ಅಂತ ಗೊತ್ತಿದ್ದು ತಗೋರಿ. ಅಕೌಂಟ್ಸ್ ಅಂತ ನಂಬಿ ಹೋಗಬ್ಯಾಡ್ರಿ.

5/7
‘ಯಾವ ಕೆಲಸಾ ಇದ್ರೂ’ ಅನ್ನೋದು ಯಾಕ ಕೆಲಸಕ್ಕ ಬರೂದಿಲ್ಲ? ಯಾಕಂದ್ರ ಅದನ್ನ ಹುಡುಕಾಕ ಆಗೂದಿಲ್ಲ. ರಿಕ್ರೂಟರ್ ಕೈಯಾಗ ಇರೋದು ಹುದ್ದೆಗಳ ಪಟ್ಟಿ. ಅವನಿಗೆ ಹುದ್ದೆ ಹೆಸರು ಬೇಕು, ಊರು ಬೇಕು. ಅದಕ್ಕ ನಾಲ್ಕು ಮಾತಿನ ಮೆಸೇಜು ಸಾಕು:

‘ನಮಸ್ಕಾರ ಸರ್. ಫೀಲ್ಡ್ ಆಫೀಸರ್ ಜೆಡಿ ಓದಿದೆ, ಕಳಿಸಿದ್ದಕ್ಕೆ ಧನ್ಯವಾದ. ಅದರಲ್ಲಿ ವಸೂಲಿ, ಸ್ವಂತ ಬೈಕು, ಲೈಸೆನ್ಸ್ ಕಡ್ಡಾಯ ಅಂತಿದೆ. ನನ್ನ ರೆಸ್ಯೂಮೆಯಲ್ಲಿರುವ ಅನುಭವ ಟ್ಯಾಲಿ, ಬ್ಯಾಂಕ್ ತಾಳೆ ಮತ್ತು ಜಿಎಸ್‌ಟಿ ಲೆಕ್ಕದ್ದು, ಹಾಗಾಗಿ ಈ ಹುದ್ದೆಗೆ ಹೊಂದುವುದಿಲ್ಲ. ನಿಮ್ಮಲ್ಲಿ ಬ್ರಾಂಚ್ ಅಕೌಂಟೆಂಟ್, ಕ್ಯಾಷಿಯರ್ ಅಥವಾ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆ ಜಮಖಂಡಿ ಅಥವಾ ಮುಧೋಳ ಕಡೆ ಇದ್ದರೆ ಜೆಡಿ ಕಳಿಸಿ.’

‘ನಿಮ್ಮ ಜೆಡಿ ತಪ್ಪು’ ಅಂತ ಎಲ್ಲೂ ಇಲ್ಲ. ಅದರಾಗೇನೈತಿ, ನನ್ನಲ್ಲೇನೈತಿ ಅಂತ ಎರಡನ್ನ ಪಕ್ಕಪಕ್ಕ ಇಟ್ಟದ್ದು, ಅಷ್ಟೇ. ಕೇಳೋ ಹುದ್ದೆ ಆ ಕಂಪನಿಯೊಳಗ ಇರೋವಂಥಾದ್ದೇ ಇರಲಿ. ಸಾಲದ ಕಂಪನಿ ಶಾಖೆಗೂ ಲೆಕ್ಕ ಬರಿಯೋರು ಬೇಕು. ಸಕ್ಕರೆ ಕಾರ್ಖಾನೆಯವರು ಕರೆದ್ರ ಕಬ್ಬಿನ ಬಿಲ್ ವಿಭಾಗ ಕೇಳ್ರಿ. ಕಬ್ಬು ಮುಟ್ಟಿಸಿದ 14 ದಿನದೊಳಗ ರೈತರಿಗೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದ ನಿಯಮ ಐತಿ, ಅಂದ್ರ ತೂಕದ ಚೀಟಿಯಿಂದ ಬಿಲ್ಲಿನ ತನಕ ಲೆಕ್ಕದ ಕೆಲಸ ಅಲ್ಲಿ ಇದ್ದೇ ಇರ್ತದ.

6/7
ಉತ್ತರ ಬಂದಾಗ ಅದನ್ನ ಓದೋದನ್ನೂ ಕಲೀಬೇಕು. ‘ಅಕೌಂಟ್ಸ್ ಐತಿ’ ಅಂದ್ರ ಬರಹದಾಗ ಜೆಡಿ, ಕಂಪನಿ ಹೆಸರು, ಖಾತ್ರಿ ಪಗಾರ ಎಷ್ಟು, ಇನ್ಸೆಂಟಿವ್ ಎಷ್ಟು ಅಂತ ಬಿಡಿಸಿ ಕೇಳ್ರಿ. ‘15,000’ ಅಂದದ್ರೊಳಗ 6,000 ಟಾರ್ಗೆಟ್ ಮ್ಯಾಲ ನಿಂತಿದ್ರ ಅದು 9,000ದ ಕೆಲಸ.

‘ಮೊದಲು ಫೀಲ್ಡಿಗೆ ಸೇರ್ರಿ, ಆಮೇಲೆ ಆಫೀಸಿಗೆ ಹಾಕ್ತೀವಿ’ ಅಂದ್ರ ಅದನ್ನ ಆಫರ್ ಲೆಟರ್‌ನಾಗ ಬರದು ಕೊಡ್ತೀರೇನು ಅಂತ ಕೇಳ್ರಿ. ಬರಿಯೂದಿಲ್ಲ ಅಂದ್ರ ಅದು ಫೀಲ್ಡ್ ಕೆಲಸಾನೇ. ರಿಜಿಸ್ಟ್ರೇಷನ್ ಫೀಸು ಕೇಳಿದ್ರ ಅಲ್ಲೇ ಮಾತು ಮುಗೀತು.

ಏನೂ ಉತ್ತರ ಬರಲಿಲ್ಲಂದ್ರ ಒಂದು ವಾರ ಬಿಟ್ಟು ಒಂದೇ ಸಲ ನೆನಪು ಮಾಡ್ರಿ. ಕನ್ಸಲ್ಟೆನ್ಸಿಯವರ ಹತ್ರ ಗಿರಾಕಿ ಕಂಪನಿ ಕೊಟ್ಟ ಹುದ್ದೆ ಮಾತ್ರ ಇರ್ತಾವ. ಇಲ್ಲ ಅಂದ್ರ ಇಲ್ಲ, ಅವರು ಹುಟ್ಟಿಸಿ ಕೊಡಾಕ ಆಗೂದಿಲ್ಲ. ಕಂಪನಿಯ ಎಚ್‌ಆರ್ ಆದ್ರ ಒಳಗಿನ ಬ್ಯಾರೆ ವಿಭಾಗಕ್ಕ ರೆಸ್ಯೂಮೆ ದಾಟಿಸಬಹುದು. ಹಂಗಾಗಿ ಮಾತಾಡೋರು ಯಾರ ಕಡೆಯವರು ಅಂತ ಮೊದಲೇ ಕೇಳಿ ತಿಳ್ಕೋರಿ.

7/7
ಇನ್ನೊಂದು ಕೆಲಸ ನಿಮ್ಮ ಕಡೆಯದ್ದು. ರೆಸ್ಯೂಮೆದಾಗ ‘ಸೇಲ್ಸ್ ಆ್ಯಂಡ್ ಕಲೆಕ್ಷನ್ ಎಂಟ್ರಿ’ ಅಳಿಸಿ ‘ಟ್ಯಾಲಿಯಲ್ಲಿ ಮಾರಾಟದ ವೋಚರ್, ಬಾಕಿದಾರರ ಲೆಡ್ಜರ್’ ಅಂತ ಬರೀರಿ. ಪೋರ್ಟಲ್‌ನಾಗ ಬೇಕಾದ ಹುದ್ದೆ ಕೇಳೋ ಜಾಗದಾಗ ‘ಎನಿ’ ಬಿಟ್ಟು ‘ಅಕೌಂಟ್ಸ್ ಅಸಿಸ್ಟೆಂಟ್’ ಹಾಕ್ರಿ. ತಪ್ಪು ಮೆಸೇಜು ಪೂರಾ ನಿಲ್ಲೂದಿಲ್ಲ, ಕಡಿಮಿ ಆಗ್ತಾವ.

ನಿಮ್ಗ ಬಂದ ಹೊಂದದ ಜೆಡಿ ಯಾವ ಹುದ್ದೆದು? ಕಂಪನಿ ಹೆಸರು ಬ್ಯಾಡ, ದಿನದ ಕೆಲಸ ಏನಿತ್ತು ಅಂತಷ್ಟೇ ಕೆಳಗ ಬರೀರಿ. ನಿಮ್ಮ ರೆಸ್ಯೂಮೆದಾಗಿನ ಯಾವ ಪದಾ ಅದನ್ನ ಕರದಿತ್ತು ಅಂತ ಕೂಡಿ ಹುಡುಕೋಣ.

#ಬಿಕಾಂ #ಜಮಖಂಡಿ #ಮುಧೋಳ #ಬೀಳಗಿ #ರಬಕವಿಬನಹಟ್ಟಿ