ರಸೀದಿಯಲ್ಲಿ ‘ಹಳೆಯದು’ ಅಂತ ಬರೆದರೆ ಸಾಲದು

ನಮ್ಮ ತಾಲ್ಲೂಕಿನ ಒಂದು ಗೊಂಬೆಯಾಟದ ಮನೆಯವರು ಅಜ್ಜನ ಕಾಲದ ತೊಗಲು ಗೊಂಬೆಯೊಂದನ್ನು ಪ್ರದರ್ಶನಕ್ಕೆ ಕೊಟ್ಟಿದ್ದರು. ವಾಪಸ್ ಬಂದಾಗ ಮೊಣಕೈ ಹತ್ತಿರ ಸೀಳಿತ್ತು. ಕೇಳಿದರೆ, ‘ಮೊದಲೇ ಹಾಗಿತ್ತು’ ಎಂಬ ಉತ್ತರ. ಮನೆಯವರ ಕೈಲಿದ್ದ ರಸೀದಿಯಲ್ಲಿ ಇದ್ದದ್ದು ಇಷ್ಟೇ: ‘ತೊಗಲು ಗೊಂಬೆ 1, ಹಳೆಯದು’. ಆ ಒಂದು ಪದದ ಮುಂದೆ ಮನೆಯವರ ಮಾತು ನಡೆಯಲಿಲ್ಲ.

ಮ್ಯೂಸಿಯಂನವರು ತಮ್ಮ ತಮ್ಮಲ್ಲಿ ವಸ್ತು ಸಾಗಿಸುವಾಗ ಸ್ಥಿತಿ ವರದಿ ಬರೆಯುತ್ತಾರೆ. ಹಳ್ಳಿ ಮನೆಯಿಂದ ಒಯ್ಯುವಾಗಲೂ ಅದನ್ನೇ ಬರೆಯಬೇಕು ಎಂಬುದು ನಮ್ಮ ವಾದ. ಇದಕ್ಕೆ ದೊಡ್ಡ ಖರ್ಚೇನಿಲ್ಲ.

ಗೊಂಬೆಯನ್ನು ಬಿಳಿ ಬಟ್ಟೆಯ ಮೇಲೆ ಚಪ್ಪಟೆಯಾಗಿ ಇಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇರಿಸಿ, ಎರಡೂ ಬದಿಯ ಫೋಟೋ ತೆಗೆಯಬೇಕು. ಆಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಎದ್ದ ಬಣ್ಣ, ಮುರುಟಿದ ಅಂಚು ಕಾಣುತ್ತದೆ. ಹಿಂದಿನಿಂದ ಬೆಳಕು ಬಿಟ್ಟರೆ ಹುಳ ತಿಂದ ತೂತು, ಎಳೆಯಂಥ ಸೀಳು ಎಲ್ಲವೂ ಬಯಲಾಗುತ್ತದೆ. ಕಂಡದ್ದನ್ನು ಹೀಗೆ ಬರೆಯಬೇಕು: ‘ಬಲ ಮೊಣಕೈ, ಎರಡು ರಂಧ್ರಗಳ ನಡುವೆ 6 ಮಿ.ಮೀ. ಸೀಳು, ಅಂಚಿಗೆ ದೀಪದ ಮಸಿ ಹಿಡಿದಿದೆ.’ ಮಸಿಯ ಮಾತು ಯಾಕೆ? ಹಳೆಯ ಸೀಳಿನ ಅಂಚು ಸಾಮಾನ್ಯವಾಗಿ ಕಪ್ಪಾಗಿರುತ್ತದೆ, ಹೊಸದರ ಅಂಚು ತಿಳಿಯಾಗಿ ಕಾಣುತ್ತದೆ. ವರದಿ ಎರಡು ಪ್ರತಿ ಇರಲಿ, ಎರಡಕ್ಕೂ ಇಬ್ಬರೂ ಸಹಿ ಹಾಕಲಿ.

ಕಟ್ಟುವಾಗ ಗೊಂಬೆಯನ್ನು ಸುರುಳಿ ಸುತ್ತಬಾರದು. ಸುತ್ತಿದರೆ ಒಣಗಿದ ತೊಗಲು ರಂಧ್ರದಿಂದ ರಂಧ್ರಕ್ಕೆ ಹರಿಯುತ್ತದೆ, ಬಣ್ಣವೂ ಉದುರುತ್ತದೆ. ಗಟ್ಟಿ ರಟ್ಟಿನ ಮೇಲೆ ಆಮ್ಲವಿಲ್ಲದ ಕಾಗದ ಅಥವಾ ಒಗೆದ ಹತ್ತಿ ಬಟ್ಟೆ ಹಾಸಿ ಗೊಂಬೆ ಮಲಗಿಸಿ, ಕೈಕಾಲು ಅಲ್ಲಾಡದಂತೆ ಅಗಲ ಬಟ್ಟೆಪಟ್ಟಿಯಿಂದ ಸಡಿಲವಾಗಿ ಕಟ್ಟಬೇಕು. ರಬ್ಬರ್ ಬ್ಯಾಂಡ್, ಹಳೇ ಪೇಪರ್ ಬೇಡ. ಬಿಗಿ ಪ್ಲಾಸ್ಟಿಕ್ ಚೀಲವೂ ಬೇಡ, ಒಳಗೆ ತೇವ ನಿಂತು ಬೂಷ್ಟು ಬರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಮುಚ್ಚಿದ ವಾಹನದಲ್ಲಿ ಪೆಟ್ಟಿಗೆ ಬಿಡಬಾರದು. ಆ ಕಾವಿಗೆ ತೊಗಲು ಕುಗ್ಗಿ ಮುರುಟುತ್ತದೆ.

ತಲುಪಿದ ಮೇಲೆ ಪೆಟ್ಟಿಗೆಯನ್ನು ಒಂದು ದಿನ ಹಾಗೇ ಇಟ್ಟು ಅಲ್ಲಿನ ಹವೆಗೆ ಹೊಂದಿಕೊಳ್ಳಲು ಬಿಟ್ಟು, ಆಮೇಲೆ ತೆರೆಯಬೇಕು. ಹಾಸಿದ ಬಟ್ಟೆಯಲ್ಲಿ ಬಣ್ಣದ ಚೂರು ಬಿದ್ದಿದೆಯೇ ನೋಡಬೇಕು. ಅದೇ ವರದಿ ಹಿಡಿದು, ಅದೇ ಬೆಳಕಿನಲ್ಲಿ, ಅದೇ ಜಾಗಗಳನ್ನು ಮತ್ತೆ ಅಳೆಯಬೇಕು. ಮರಳಿ ಮನೆಗೆ ಬಂದಾಗಲೂ ಇಷ್ಟೇ ಕೆಲಸ, ತಂದವರ ಎದುರೇ. 6 ಮಿ.ಮೀ. ಇದ್ದದ್ದು 15 ಆಗಿದ್ದರೆ, ಎಲ್ಲಿ ಹರಿಯಿತೆಂದು ವಾದ ಮಾಡುವ ಗೋಜೇ ಇಲ್ಲ. ಕಾಗದವೇ ಹೇಳುತ್ತದೆ.

ಈ ವರದಿ ದಾರಿಯಲ್ಲಾಗುವ ಹಾನಿಯನ್ನು ತಡೆಯುವುದಿಲ್ಲ. ಆದರೆ ಯಾರ ಕೈಯಲ್ಲಿದ್ದಾಗ ಆಯಿತೆಂದು ತೋರಿಸುತ್ತದೆ. ಸಾಲ ಕೊಡುವಾಗ ಪತ್ರ ಬರೆಸಿಕೊಳ್ಳುವ ನಾವು, ಅಜ್ಜನ ಗೊಂಬೆ ಕೊಡುವಾಗಲೂ ಬರೆಸಿಕೊಳ್ಳೋಣ. ವರದಿಗೆ ಸಹಿ ಹಾಕದವರಿಗೆ ಗೊಂಬೆ ಕೊಡುವುದೇ ಬೇಡ.