ಮಧ್ಯಾಹ್ನಕ್ಕೆ ವರ್ಗವಾದ ನಿದ್ದೆ

ಚಿತ್ತಾಪುರದ ನಮ್ಮ ದೊಡ್ಡವ್ವ ಮೂವತ್ತು ವರ್ಷಕ್ಕೂ ಹೆಚ್ಚು ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸಿದವಳು. ರಿಟೈರ್ ಆದಮೇಲೆ ಅವಳದು ಒಂದೇ ದೂರು: "ರಾತ್ರಿ ನಿದ್ದಿ ಹತ್ತಂಗಿಲ್ಲಪ್ಪ. ಒಂದು ಗುಳಿಗಿ ಕೇಳಿ ತಂದುಬಿಡು."

ವಯಸ್ಸಾದವರಿಗೆ ನಿದ್ದೆ ಗುಳಿಗೆ ಅಂದರೆ ರಾತ್ರಿ ಎದ್ದಾಗ ತೂಕಡಿಸಿ ಬೀಳುವ ಭಯ. "ಮೊದಲು ಒಂದು ವಾರ ಬರೆದಿಡು. ಯಾವಾಗ ಮಲಗಿದಿ, ಯಾವಾಗ ಎದ್ದಿ, ಅಷ್ಟೇ" ಅಂದೆ. ಅವಳು ಹಳೇ ಹಾಜರಿ ಪುಸ್ತಕವನ್ನೇ ತೆಗೆದಳು.

ಎಂಟನೇ ದಿನ ಫೋನ್ ಬಂತು. "ಕೂಡಿಸಿ ನೋಡಿದೆ. ರಾತ್ರಿ ಒಂಬತ್ತಕ್ಕ ಮಲಗ್ತೀನಿ, ನಿದ್ದಿ ಹತ್ತೋದು ಹನ್ನೆರಡೂವರಿಗೆ, ಏಳೋದು ಐದಕ್ಕ. ನಾಕೂವರಿ ತಾಸು. ಊಟ ಆದಮ್ಯಾಲೆ ಒಂದೂವರಿಯಿಂದ ನಾಕರತನ ಎರಡೂವರಿ ತಾಸು. ಒಟ್ಟು ಏಳು! ನಿದ್ದಿ ಕಳುವಾಗಿಲ್ಲ, ಮಧ್ಯಾಹ್ನಕ್ಕ ವರ್ಗ ಆಗ್ಯಾದ!"

ಲೆಕ್ಕ ಸರಿಯಾಗಿತ್ತು. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಅನ್ನೋ ವಸ್ತು ಕೂಡುತ್ತಾ ಹೋಗುತ್ತದೆ. ಅದು ಹೆಚ್ಚಿದಷ್ಟೂ ನಿದ್ದೆ ಎಳೆಯುತ್ತದೆ, ಮಲಗಿದರೆ ಇಳಿಯುತ್ತದೆ. ಎರಡೂವರೆ ತಾಸು ಮಲಗಿ ನಾಲ್ಕಕ್ಕೆ ಎದ್ದವಳಿಗೆ ಒಂಬತ್ತಕ್ಕೆ ನಿದ್ದೆಯ ಹಸಿವೇ ಇರುವುದಿಲ್ಲ. "ಸಂಜಿಗೆ ಮಿರ್ಚಿ ಭಜಿ ತಿಂದು ರಾತ್ರಿ ರೊಟ್ಟಿ ಸೇರವಲ್ದು ಅಂದಂಗ" ಅಂತ ಅವಳೇ ವಿವರಿಸಿದಳು. ಜೊತೆಗೆ ಐದು ಗಂಟೆಯ ಚಹಾ. ಅದರ ಕೆಫೀನ್ ಈ ಅಡೆನೊಸಿನ್ ಕೆಲಸಕ್ಕೇ ಅಡ್ಡ ನಿಲ್ಲುತ್ತದೆ. ನಾಲ್ಕೈದು ತಾಸಾದರೂ ಸುಮಾರು ಅರ್ಧ ಇನ್ನೂ ಮೈಯಲ್ಲೇ ಇರುತ್ತದೆ.

ಆದರೆ ಚಿತ್ತಾಪುರದ ಬೇಸಿಗೆಯಲ್ಲಿ, ಶಹಾಬಾದ್ ಫರ್ಶಿಯ ತಂಪಿನಲ್ಲಿ, ಮಧ್ಯಾಹ್ನ ಮಲಗಬೇಡ ಅನ್ನೋದು ಹೇಗೆ? ಊಟದ ನಂತರದ ಜೋಂಪು ಸಹಜವೇ. ಹಾಗಾಗಿ ನಿದ್ದೆ ಬಿಡಿಸಲಿಲ್ಲ, ಕಡಿಮೆ ಮಾಡಿದೆವು. ಒಂದೂವರೆಗೆ ಆರಾಮ ಕುರ್ಚಿ, ಇಪ್ಪತ್ತೈದು ನಿಮಿಷಕ್ಕೆ ಅಲಾರಂ. ಅಷ್ಟರಲ್ಲಿ ಗಾಢ ನಿದ್ದೆಗೆ ಇಳಿಯುವುದು ಕಡಿಮೆ, ಎದ್ದಾಗ ತಲೆ ಭಾರವೂ ಇರುವುದಿಲ್ಲ. ಚಹಾ ಎರಡು ಗಂಟೆಯೊಳಗೆ ಮುಗಿಯಬೇಕು. ರಾತ್ರಿ ಹಾಸಿಗೆಗೆ ಹತ್ತೂಕಾಲರ ನಂತರವೇ. ನಿದ್ದೆ ಬರಲಿ, ಬಿಡಲಿ, ಬೆಳಿಗ್ಗೆ ಐದಕ್ಕೇ ಏಳಬೇಕು.

ಮೊದಲ ನಾಲ್ಕು ದಿನ ಕಷ್ಟವಾಯಿತು. ಸಂಜೆ ಆರಕ್ಕೆ ಟಿವಿ ಮುಂದೆ ಕುಂತಲ್ಲೇ ತೂಕಡಿಕೆ. ಆ ಹತ್ತು ನಿಮಿಷವೂ ರಾತ್ರಿಯ ಪಾಲೇ. ಅದಕ್ಕೆ ಆ ಹೊತ್ತಿಗೆ ಓಣಿಯಲ್ಲಿ ಅಡ್ಡಾಡಲು ಶುರು ಮಾಡಿದಳು.

ಮೂರನೇ ವಾರದ ಹಾಜರಿಯಲ್ಲಿ ನಿದ್ದೆ ಹತ್ತಿದ್ದು ಹತ್ತೂಮುಕ್ಕಾಲಿಗೆ. ನಡುವೆ ಒಮ್ಮೆ ಬಚ್ಚಲಿಗೆ ಏಳುವುದು ತಪ್ಪಿಲ್ಲ, ಆದರೆ ಮತ್ತೆ ಮಲಗಿದರೆ ನಿದ್ದೆ ಬರುತ್ತದೆ. ಒಟ್ಟು ನಿದ್ದೆ ಏನೂ ಹೆಚ್ಚಾಗಿಲ್ಲ. ಸುಮಾರು ಆರೂವರೆ ತಾಸು, ಬಹುಪಾಲು ಒಂದೇ ಕಡೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಮೊದಲು ಒಂದು ವಾರ ಬರೆಸಿ. ರಾತ್ರಿ ಚೆನ್ನಾಗಿ ಮಲಗಿಯೂ ಹಗಲು ತೂಕಡಿಸುತ್ತಿದ್ದರೆ, ಜೋರು ಗೊರಕೆ ನಡುವೆ ಉಸಿರು ನಿಂತಂತಾದರೆ, ಅದು ಈ ಲೆಕ್ಕಕ್ಕೆ ಸಿಗುವುದಲ್ಲ. ಡಾಕ್ಟರಿಗೆ ತೋರಿಸಬೇಕು.

ಗುಳಿಗೆ ಬೇಕೇನು ಅಂತ ಹೋದ ವಾರ ಕೇಳಿದೆ. "ಬ್ಯಾಡಪ್ಪ, ವರ್ಗ ರದ್ದಾಗ್ಯಾದ" ಅಂದಳು.