ಒಂದೇ ಉಗುರಿನಲ್ಲಿ ಹೊಸ ಕಪ್ಪು ಗೆರೆ: ತೋರಿಸಲು ತಡ ಬೇಡ

ವಯಸ್ಕರ ಒಂದೇ ಒಂದು ಬೆರಳಿನ ಉಗುರಿನಲ್ಲಿ, ಬುಡದಿಂದ ತುದಿಯವರೆಗೆ, ಮೊದಲು ಇರದಿದ್ದ ಕಂದು ಅಥವಾ ಕಪ್ಪು ಗೆರೆಯೊಂದು ಕಾಣಿಸಿಕೊಂಡರೆ ಅದನ್ನು ಕೆಲವೇ ವಾರಗಳಲ್ಲಿ ಚರ್ಮರೋಗ ತಜ್ಞರಿಗೆ ತೋರಿಸಬೇಕು. ನೋವಿಲ್ಲ, ತುರಿಕೆಯಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಕಾಯುತ್ತ ಕೂರಬಾರದು. ಇಂಥ ಗೆರೆಗಳಲ್ಲಿ ಹೆಚ್ಚಿನವು ಏನೂ ಮಾಡುವುದಿಲ್ಲ, ನಿಜ. ಆದರೆ ಉಗುರಿನಡಿಯ ಮೆಲನೋಮ ಎಂಬ ಕ್ಯಾನ್ಸರ್ ಕೂಡ ಬಹಳಷ್ಟು ಸಲ ಹೀಗೆಯೇ, ಸದ್ದಿಲ್ಲದ ಒಂದು ಗೆರೆಯಾಗಿ ಶುರುವಾಗುತ್ತದೆ. ಆ ಹಂತದಲ್ಲಿ ಸಿಕ್ಕಿದರೆ ಬೆರಳೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಉಗುರು ಸೀಳಿ, ಗಂಟು ಕಟ್ಟಿ, ರಕ್ತ ಒಸರುವ ಹೊತ್ತಿಗೆ ಬಂದರೆ ಆ ಭರವಸೆಯನ್ನು ಯಾವ ವೈದ್ಯರೂ ಕೊಡಲಾರರು.

ಈ ಮಾತನ್ನು ನಮ್ಮ ಓದುಗರಿಗೆ ಒತ್ತಿ ಹೇಳಲು ಕಾರಣವಿದೆ. ಕಂದು ಮೈಬಣ್ಣದವರ ಉಗುರುಗಳಲ್ಲಿ ತೆಳ್ಳನೆಯ ಕಂದು ಗೆರೆಗಳು ಸಹಜವಾಗಿಯೇ ಮೂಡುತ್ತವೆ. ವಯಸ್ಸಾದಂತೆ ಅವು ಹೆಚ್ಚುತ್ತವೆ, ಹಲವು ಬೆರಳುಗಳಲ್ಲಿ ಒಟ್ಟಿಗೆ ಕಾಣುತ್ತವೆ. ಆದ್ದರಿಂದಲೇ ನಮ್ಮಲ್ಲಿ ಗೆರೆ ಕಂಡರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಪಾಯ ಅಡಗಿರುವುದು ಈ ನಿಶ್ಚಿಂತೆಯಲ್ಲೇ. ಮೆಲನೋಮ ಬಿಳಿಯರಿಗಿಂತ ನಮ್ಮಲ್ಲಿ ತೀರ ಅಪರೂಪ. ಆದರೆ ಬಂದಾಗ ಅದು ಬಿಸಿಲು ಬೀಳುವ ಬೆನ್ನು, ಮುಖಗಳಿಗಿಂತ ಹೆಚ್ಚಾಗಿ ಅಂಗಾಲು, ಅಂಗೈ, ಉಗುರುಗಳಂಥ ಜಾಗಗಳನ್ನು ಹಿಡಿಯುತ್ತದೆ. ಉಗುರುಗಳ ಪೈಕಿ ಕೈಯ ಹೆಬ್ಬೆರಳು ಮತ್ತು ಕಾಲಿನ ಹೆಬ್ಬೆರಳಿನಲ್ಲಿ ಹೆಚ್ಚು. ಹಾಗಾಗಿ ಹತ್ತು ಬೆರಳಲ್ಲೂ ಹಂಚಿಕೊಂಡ ತೆಳು ಗೆರೆಗಳಿಗಿಂತ, ಬೇರೆಲ್ಲ ಉಗುರುಗಳು ತಿಳಿಯಾಗಿದ್ದು ಹೆಬ್ಬೆರಳಲ್ಲಿ ಮಾತ್ರ ಮೂಡಿದ ಒಂಟಿ ಗೆರೆಗೆ ಹೆಚ್ಚು ಗಮನ ಬೇಕು. ಈಗಾಗಲೇ ಹಲವು ಗೆರೆಗಳಿರುವವರಲ್ಲೂ ಒಂದು ಗೆರೆ ಉಳಿದವುಗಳಿಗಿಂತ ಬೇರೆಯಾಗಿ ಅಗಲವಾಗುತ್ತಿದ್ದರೆ, ಕಪ್ಪಾಗುತ್ತಿದ್ದರೆ, ಅದನ್ನೂ ಒಂಟಿ ಗೆರೆಯಂತೆಯೇ ನೋಡಬೇಕು.

ಗೆರೆ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅದನ್ನು ಓದುವುದು ಕಷ್ಟವಲ್ಲ. ಉಗುರು ಹುಟ್ಟುವುದು ಬುಡದ ಚರ್ಮದ ಮಡಿಕೆಯ ಕೆಳಗೆ ಅಡಗಿರುವ ಮ್ಯಾಟ್ರಿಕ್ಸ್ ಎಂಬ ಭಾಗದಲ್ಲಿ. ಅಲ್ಲಿ ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳು ಸಾಮಾನ್ಯವಾಗಿ ಸುಮ್ಮನೆ ಮಲಗಿರುತ್ತವೆ. ಅವು ಎಚ್ಚೆತ್ತರೆ ಅಥವಾ ಸಂಖ್ಯೆಯಲ್ಲಿ ಹೆಚ್ಚಿದರೆ, ಬೆಳೆಯುತ್ತ ಮುಂದೆ ಸರಿಯುವ ಉಗುರಿಗೆ ಬಣ್ಣ ಸೇರುತ್ತಲೇ ಹೋಗುತ್ತದೆ. ಮಗ್ಗದ ಹಾಸಿನಲ್ಲಿ ನಾಲ್ಕು ಎಳೆ ಕಪ್ಪು ನೂಲು ಸೇರಿದರೆ ನೇಯ್ದ ಬಟ್ಟೆಯ ಉದ್ದಕ್ಕೂ ಕಪ್ಪು ಪಟ್ಟೆ ಬರುವಂತೆ, ಇಲ್ಲೂ ಉಗುರಿನ ಉದ್ದಕ್ಕೂ ಪಟ್ಟೆ ಬರುತ್ತದೆ. ಬಣ್ಣ ಕಾಣುವುದು ಉಗುರಿನಲ್ಲಾದರೂ ಅದರ ಮೂಲ ಇರುವುದು ಬುಡದ ಚರ್ಮದಡಿಯಲ್ಲಿ.

ಈ ಬೆಳವಣಿಗೆಯ ಲೆಕ್ಕವೇ ಒಂದು ಪರೀಕ್ಷೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. 55 ವರ್ಷದ ಒಬ್ಬ ಮಹಿಳೆಯ ಬಲಗೈ ಹೆಬ್ಬೆರಳಲ್ಲಿ ಕಪ್ಪು ಗೆರೆ ಇದೆ ಎಂದುಕೊಳ್ಳೋಣ. ಹೊರಗೆ ಕಾಣುವ ಉಗುರಿನ ಉದ್ದ 15 ಮಿಲಿಮೀಟರ್. ಅಂದರೆ ತುದಿಯಲ್ಲಿರುವ ಉಗುರು ಬುಡದಿಂದ ಹೊರಬಂದು ಹೆಚ್ಚುಕಡಿಮೆ 5 ತಿಂಗಳಾಗಿದೆ, ಬುಡದಲ್ಲಿರುವುದು ಈಗಷ್ಟೇ ಹೊರಬರುತ್ತಿದೆ. ಗೆರೆ ತುದಿಯಲ್ಲಿ 2 ಮಿಲಿಮೀಟರ್ ಅಗಲವಿದ್ದು ಬುಡದಲ್ಲಿ 4 ಮಿಲಿಮೀಟರ್ ಅಗಲವಿದ್ದರೆ, ಬಣ್ಣ ಸುರಿಸುವ ಜಾಗ ಈ 5 ತಿಂಗಳಲ್ಲಿ ಇಮ್ಮಡಿಯಾಗಿದೆ ಎಂದೇ ಅರ್ಥ. ಆಕೆ ಹಳೆಯ ಫೋಟೋ ತೋರಿಸಬೇಕಾಗಿಲ್ಲ, ‘ದೊಡ್ಡದಾಗಿದೆಯೋ ಇಲ್ಲವೋ ನೆನಪಿಲ್ಲ’ ಎಂದು ಪೇಚಾಡಬೇಕಾಗಿಯೂ ಇಲ್ಲ. ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು ಎಂಬ ಈ ಆಕಾರ ಕಂಡ ವಾರವೇ ಆಕೆ ತಜ್ಞರ ಬಳಿ ಹೋಗಬೇಕು. ಎರಡೂ ಅಂಚು ನೇರವಾಗಿ, ಸಮಾನಾಂತರವಾಗಿ, ಒಂದೇ ತಿಳಿಗಂದು ಬಣ್ಣದಲ್ಲಿದ್ದರೆ ಆತಂಕ ಕಡಿಮೆ. ಅಂಚು ಮಸುಕಾಗಿದ್ದರೆ, ಒಳಗೆ ಕಂದು-ಕಪ್ಪು ಬೆರೆತಿದ್ದರೆ, ಅಗಲ 3 ಮಿಲಿಮೀಟರ್ ಮುಟ್ಟಿದ್ದರೆ ಅನುಮಾನ ಹೆಚ್ಚು. ಹಾಗೆಂದು ತೆಳು ಗೆರೆ ಎಂಬ ಒಂದೇ ಕಾರಣಕ್ಕೆ ಅದನ್ನು ಬದಿಗಿಡಬಾರದು. ದೊಡ್ಡ ಗೆರೆಯೂ ಒಮ್ಮೆ ತೆಳುವಾಗಿಯೇ ಇದ್ದಿರುತ್ತದೆ.

ಎಲ್ಲಕ್ಕಿಂತ ಜೋರಾದ ಎಚ್ಚರಿಕೆ ಕಾಣುವುದು ಉಗುರಿನ ಆಚೆಗೆ. ಬಣ್ಣ ಉಗುರನ್ನು ದಾಟಿ ಬುಡದ ಚರ್ಮಕ್ಕೋ ಪಕ್ಕದ ಮಡಿಕೆಗೋ ತುದಿಯ ಚರ್ಮಕ್ಕೋ ಹಬ್ಬಿದ್ದರೆ ಅದಕ್ಕೆ ಹಚಿನ್‌ಸನ್ ಚಿಹ್ನೆ ಎನ್ನುತ್ತಾರೆ. 19ನೇ ಶತಮಾನದಲ್ಲೇ ಇದನ್ನು ಗುರುತಿಸಿದವರು ಬ್ರಿಟಿಷ್ ಶಸ್ತ್ರವೈದ್ಯ ಜೊನಾಥನ್ ಹಚಿನ್‌ಸನ್. ಉಗುರುಸುತ್ತಿನಂತೆ ಕಾಣುವ ಬೆರಳಿನ ಅಂಚಿನಲ್ಲಿ ಕಪ್ಪು ಛಾಯೆ ಇದ್ದರೆ ಅದು ಉಗುರುಸುತ್ತು ಆಗಿರಲಿಕ್ಕಿಲ್ಲ ಎಂಬುದು ಅವರ ಎಚ್ಚರಿಕೆಯಾಗಿತ್ತು. ನಮ್ಮ ಮನೆಗಳಲ್ಲಿ ಉಗುರುಸುತ್ತು ಎಂದರೆ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿ ಕೂರುವುದು ರೂಢಿ. ಕೀವಿನ ಉಗುರುಸುತ್ತು ಕೆಲವು ದಿನ ಸಿಡಿದು, ಒಡೆದು, ಮಾಯುತ್ತದೆ. ವಾರಗಟ್ಟಲೆ ಮಾಯದೆ, ಕಪ್ಪು ಛಾಯೆ ಹೊತ್ತು, ಉಗುರನ್ನು ತಿನ್ನುತ್ತ ಹೋಗುವ ಬೆರಳಿಗೆ ನಿಂಬೆಹಣ್ಣು ಉತ್ತರವಲ್ಲ. ಆದರೆ ಚರ್ಮದ ಛಾಯೆಯೆಲ್ಲ ರೋಗವೂ ಅಲ್ಲ. ನಮ್ಮಲ್ಲಿ ಎಲ್ಲ ಬೆರಳುಗಳ ಬುಡವೂ ಸಹಜವಾಗಿ ಕಪ್ಪಾಗಿರಬಹುದು, ಬುಡದ ತೆಳು ಪೊರೆಯ ಮೂಲಕ ಒಳಗಿನ ಗೆರೆಯೇ ಕಾಣುತ್ತಿರಬಹುದು. ಈ ವ್ಯತ್ಯಾಸ ತಿಳಿಯಲು ತಜ್ಞರ ಕಣ್ಣು ಬೇಕು.

ಹಾಗಾದರೆ ಪೆಟ್ಟಿನಿಂದಾದ ಕಪ್ಪು? ಬಾಗಿಲ ಸಂದಿಗೆ ಸಿಕ್ಕಿಯೋ ಸುತ್ತಿಗೆ ಬಿದ್ದೋ ಉಗುರಿನಡಿ ರಕ್ತ ಹೆಪ್ಪುಗಟ್ಟಿದರೆ ಸಾಮಾನ್ಯವಾಗಿ ಕಾಣುವುದು ಕಲೆ, ಬುಡದಿಂದ ತುದಿಗೆ ಓಡುವ ಗೆರೆಯಲ್ಲ. ಅದು ಉಗುರಿನ ಜೊತೆಗೇ ಮುಂದೆ ಸರಿಯುತ್ತದೆ. ಕಲೆಯ ಹಿಂಬದಿಯ ಅಂಚು ಎಲ್ಲಿದೆ ಎಂದು ಫೋಟೋ ತೆಗೆದಿಟ್ಟುಕೊಂಡು ಒಂದು ತಿಂಗಳ ನಂತರ ನೋಡಿದರೆ ಕೈ ಉಗುರಿನ ಬುಡದಲ್ಲಿ ಸುಮಾರು 3 ಮಿಲಿಮೀಟರ್ ಹೊಸ ತಿಳಿ ಉಗುರು ಕಾಣಬೇಕು. ಹಾಗೆ ಕಾಣದೆ ಬುಡದಲ್ಲೇ ಕಪ್ಪು ನಿಂತಿದ್ದರೆ ಪೆಟ್ಟಿನ ಕಥೆಯನ್ನು ಅಲ್ಲಿಗೇ ಬಿಡಬೇಕು. ಪೆಟ್ಟಿನ ನೆನಪು ಬಹಳ ಸಲ ದಾರಿ ತಪ್ಪಿಸುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿ ಅವರ ಕಾಲಿನ ಹೆಬ್ಬೆರಳಿನ ಉಗುರಿನಡಿ 1977ರಲ್ಲಿ ಪತ್ತೆಯಾದ ಮೆಲನೋಮವನ್ನು ಮೊದಲಿಗೆ ಫುಟ್‌ಬಾಲ್ ಆಟದ ಗಾಯವೆಂದೇ ಭಾವಿಸಲಾಗಿತ್ತು. ರೋಗ ದೇಹದೆಲ್ಲೆಡೆ ಹರಡಿ 1981ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ವಯಸ್ಸು 36.

ಹೊರಗಿನ ಕಲೆಯನ್ನು ಬೇರ್ಪಡಿಸುವುದು ಇನ್ನೂ ಸುಲಭ. ಅಡಿಕೆ ಚೊಗರು, ಗೋರಂಟಿ, ತಲೆಗೂದಲ ಡೈ ಉಗುರಿನ ಮೇಲ್ಮೈಗೆ ಅಂಟುತ್ತವೆ. ಕೆರೆದರೆ ಅಷ್ಟಿಷ್ಟು ಹೋಗುತ್ತವೆ, ಉಗುರು ಬೆಳೆದಂತೆ ಮುಂದೆ ಸರಿಯುತ್ತವೆ. ಎಚ್‌ಐವಿ ಮತ್ತು ಕ್ಯಾನ್ಸರ್‌ಗೆ ಕೊಡುವ ಕೆಲವು ಔಷಧಗಳು, ಬಿ12 ಕೊರತೆ ಮುಂತಾದವು ಗೆರೆ ತರಬಲ್ಲವು, ಆದರೆ ಹೆಚ್ಚಾಗಿ ಒಂದಕ್ಕಿಂತ ಹೆಚ್ಚು ಬೆರಳಿನಲ್ಲಿ.

ತಜ್ಞರ ಬಳಿ ನಡೆಯುವುದಕ್ಕೆ ಹೆದರಬೇಕಾಗಿಲ್ಲ. ಮೊದಲು ಇಪ್ಪತ್ತೂ ಉಗುರುಗಳನ್ನು ನೋಡುತ್ತಾರೆ. ಆದ್ದರಿಂದ ನೈಲ್ ಪಾಲಿಶ್ ತೆಗೆದು ಹೋಗಬೇಕು. ನಂತರ ಬೆಳಕಿರುವ ಭೂತಗನ್ನಡಿಯಂಥ ಡರ್ಮಾಸ್ಕೋಪ್ ಇಟ್ಟು ಗೆರೆಯನ್ನು ಬಿಡಿಸಿ ನೋಡುತ್ತಾರೆ. ನಮಗೆ ಒಂದೇ ಆಗಿ ಕಾಣುವ ಪಟ್ಟೆ ಅದರಲ್ಲಿ ಹಲವು ಎಳೆಗಳಾಗಿ ಕಾಣುತ್ತದೆ. ಎಳೆಗಳು ಒಂದೇ ಬಣ್ಣ, ಒಂದೇ ದಪ್ಪ, ಒಂದೇ ಅಂತರದಲ್ಲಿದ್ದರೆ ಕೆಲವು ತಿಂಗಳಿಗೊಮ್ಮೆ ಫೋಟೋ ತೆಗೆದು ಹೋಲಿಸುತ್ತ ಕಾಯಬಹುದು. ಎಳೆಗಳು ಹೊಂದಿಕೆ ತಪ್ಪಿದ್ದರೆ ಬಯಾಪ್ಸಿ ಬೇಕು. ಬೆರಳಿನ ಬುಡಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಚರ್ಮದ ಮಡಿಕೆ ಸರಿಸಿ, ಗೆರೆ ಹುಟ್ಟುವ ಮ್ಯಾಟ್ರಿಕ್ಸ್‌ನಿಂದಲೇ ತುಣುಕು ತೆಗೆಯುತ್ತಾರೆ. ಬರೀ ಉಗುರಿನ ತುದಿ ಕತ್ತರಿಸಿ ಕಳಿಸಿದ ವರದಿ ‘ಏನೂ ಇಲ್ಲ’ ಎಂದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ರೋಗದ ಕೋಶಗಳಿರುವುದು ಬುಡದಲ್ಲಿ. ಬಯಾಪ್ಸಿಯ ನಂತರ ಉಗುರು ತೆಳ್ಳಗಾಗಬಹುದು, ಸೀಳಿ ಬೆಳೆಯಬಹುದು. ಈ ನಷ್ಟವನ್ನು ವೈದ್ಯರು ಮೊದಲೇ ಹೇಳಬೇಕು, ರೋಗಿಯೂ ಕೇಳಿ ತಿಳಿದುಕೊಳ್ಳಬೇಕು. ಕ್ಯಾನ್ಸರ್ ಮೇಲ್ಪದರದಲ್ಲೇ ಇದ್ದರೆ ಉಗುರು ಮತ್ತು ಅದರ ತಳವನ್ನು ತೆಗೆದು ಚರ್ಮ ಕಸಿ ಮಾಡಿ ಬೆರಳನ್ನು ಉಳಿಸಿಕೊಳ್ಳಬಹುದು. ಆಳಕ್ಕಿಳಿದಿದ್ದರೆ ಬೆರಳಿನ ತುದಿಯನ್ನೇ ತೆಗೆಯಬೇಕಾಗಬಹುದು, ಕಂಕುಳಿನ ಗ್ರಂಥಿಗಳಿಗೂ ಹರಡಿದೆಯೇ ಎಂದು ನೋಡಬೇಕಾಗುತ್ತದೆ.

ಮಕ್ಕಳ ವಿಷಯದಲ್ಲಿ ಮಾತು ಸ್ವಲ್ಪ ಬೇರೆ. ಅವರ ಉಗುರಿನ ಗೆರೆ ಬಹುಪಾಲು ಮಚ್ಚೆಯಿಂದ ಬಂದದ್ದು. ಅಗಲವಾಗಿ, ಕಡುಕಪ್ಪಾಗಿ ಕಂಡರೂ ಅದು ಕ್ಯಾನ್ಸರ್ ಆಗಿರುವುದು ಅತಿ ವಿರಳ. ತಜ್ಞರಿಗೆ ತೋರಿಸಬೇಕು ನಿಜ, ಆದರೆ ಆತುರದ ಬಯಾಪ್ಸಿಗಿಂತ ನಿಗಾ ಇಡುವುದೇ ಅಲ್ಲಿ ಸಾಮಾನ್ಯ ದಾರಿ. ಇನ್ನೊಂದು ಮಿತಿಯನ್ನೂ ಮರೆಯಬಾರದು: ಕೆಲವು ಉಗುರಿನ ಮೆಲನೋಮಗಳಿಗೆ ಬಣ್ಣವೇ ಇರುವುದಿಲ್ಲ. ಮಾಯದ ಕೆಂಪು ಗಂಟು, ಕಾರಣವಿಲ್ಲದೆ ಸೀಳುವ ಒಂದೇ ಉಗುರು ಕೂಡ ಪರೀಕ್ಷೆಗೆ ಅರ್ಹ.

ತಡವಾಗುವುದು ರೋಗಿಯಿಂದ ಮಾತ್ರವಲ್ಲ. ಕಪ್ಪಾದ ಉಗುರನ್ನು ಫಂಗಸ್ ಎಂದು ಬಗೆದು, ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ಮಾತ್ರೆ, ಮುಲಾಮು ಕೊಡುವುದು ದೊಡ್ಡ ತಪ್ಪು. ಫಂಗಸ್ ಬಣ್ಣ ಸಾಮಾನ್ಯವಾಗಿ ತುದಿಯಲ್ಲಿ ಅಗಲವಾಗಿದ್ದು ಬುಡದ ಕಡೆಗೆ ಕಿರಿದಾಗುತ್ತದೆ, ಉಗುರು ದಪ್ಪವಾಗಿ ಪುಡಿಪುಡಿಯಾಗುತ್ತದೆ. ಉಗುರಿನ ಚೂರನ್ನು ಲ್ಯಾಬಿಗೆ ಕಳಿಸಿ ಫಂಗಸ್ ಇದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಮಾತ್ರೆ ಶುರು ಮಾಡಬೇಕು. ಮಾತ್ರೆ ನುಂಗಿಯೂ ಗೆರೆ ಹಾಗೇ ಉಳಿದರೆ ಅದೇ ಒಂದು ಸೂಚನೆ, ಇನ್ನೊಂದು ಕೋರ್ಸ್ ಬರೆಯದೆ ತಜ್ಞರಿಗೆ ಕಳಿಸಬೇಕು. ಉಗುರುಗಳನ್ನು ಹತ್ತಿರದಿಂದ ನೋಡುವ ಬ್ಯೂಟಿ ಪಾರ್ಲರ್‌ನವರು ಒಂಟಿ ಕಪ್ಪು ಗೆರೆ ಕಂಡಾಗ ಬಣ್ಣ ಬಳಿದು ಮುಚ್ಚುವ ಬದಲು ‘ಇದನ್ನು ಡಾಕ್ಟರಿಗೆ ತೋರಿಸಿ’ ಎಂದು ಹೇಳಿದರೆ ದೊಡ್ಡ ಉಪಕಾರ.

ಓದುಗರು ಇಂದೇ ಮಾಡಬಹುದಾದದ್ದು ಇಷ್ಟು. ಹಗಲು ಬೆಳಕಿನಲ್ಲಿ ಇಪ್ಪತ್ತು ಉಗುರುಗಳನ್ನೂ ನೋಡಿಕೊಳ್ಳಿ, ಮನೆಯ ಹಿರಿಯರ ಕಾಲುಗುರುಗಳನ್ನೂ ನೋಡಿ. ಒಂಟಿ ಗೆರೆ ಕಂಡರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ದಿನಾಂಕ ಬರೆದಿಡಿ, ಜಿಲ್ಲಾಸ್ಪತ್ರೆಯ ಅಥವಾ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಹೋಗಿ. ಗೆರೆ ಅಗಲವಾಗುತ್ತಿದ್ದರೆ, ಬಣ್ಣ ಚರ್ಮಕ್ಕೆ ಹಬ್ಬಿದ್ದರೆ, ಉಗುರು ಸೀಳಿದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಮೆಲನೋಮ ಆಗಿದ್ದರೆ ಅದೇ ವಾರ ಹೋಗಿ. ‘ಏನೂ ಇಲ್ಲ’ ಎನಿಸಿಕೊಂಡು ಬರುವವರೇ ಹೆಚ್ಚು. ಆದರೆ ಆ ಮಾತನ್ನು ಉಗುರನ್ನು ಪರೀಕ್ಷಿಸಿದ ತಜ್ಞರು ಹೇಳಬೇಕು, ನಮಗೆ ನಾವೇ ಹೇಳಿಕೊಳ್ಳಬಾರದು.